ಅರ್ಧ ವ್ಯಾಪಾರ ಒಂದೇ ಮಿಲ್‌ನಿಂದ ಬರುತ್ತಿದೆ, ಎರಡನೇ ಮಷಿನ್ ಹಾಕಲೇ?

ಕಪನೂರ ಪ್ರಿಂಟರ್

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ ನನ್ನದೊಂದು ಸಣ್ಣ ಯೂನಿಟ್ ಇದೆ. ದಾಲ್ ಮಿಲ್‌ಗಳ ಚೀಲದ ಮೇಲೆ ಅವರ ಬ್ರ್ಯಾಂಡ್ ಪ್ರಿಂಟ್ ಮಾಡುತ್ತೇನೆ. ಹೆಚ್ಚಿನವರಿಗೆ ಖಾಲಿ ಚೀಲ ನಾನೇ ಕೊಂಡು ತಂದು ಪ್ರಿಂಟ್ ಮಾಡಿ ಕೊಡುತ್ತೇನೆ. ಒಬ್ಬರು ಮಾತ್ರ ಚೀಲ ತಾವೇ ಕಳಿಸುತ್ತಾರೆ, ಅಲ್ಲಿ ನನಗೆ ಬರುವುದು ಬರೀ ಪ್ರಿಂಟಿಂಗ್ ಮಜೂರಿ.

ದೊಡ್ಡ ಮಿಲ್‌ನ ಸಾಹುಕಾರರು ಮೊನ್ನೆ ಕರೆಸಿದ್ದರು. ತಿಂಗಳಿಗೆ 20,000 ಚೀಲ ಕೊಡುತ್ತಿದ್ದೇನೆ, ಇನ್ನು ಮುಂದೆ 40,000 ಬೇಕಂತೆ. ಅದಕ್ಕೆ ಇನ್ನೊಂದು ಮಷಿನ್ ಹಾಕಬೇಕು, ಚೀಲಕ್ಕೆ 75 ಪೈಸೆ ಇಳಿಸಬೇಕು. ಈಗಿನ ರೇಟ್ 18 ರೂಪಾಯಿ. ಮನೆಯವರಿಗೆ ಖುಷಿಯೋ ಖುಷಿ. ನನಗೆ ಮಾತ್ರ ನಿದ್ದೆ ಬರುತ್ತಿಲ್ಲ, ಯಾಕಂದರೆ ಈಗಲೇ ಅರ್ಧ ವ್ಯಾಪಾರ ಅವರದ್ದೇ.

ಹೋದ 12 ತಿಂಗಳ ಸರಾಸರಿ ಹೀಗಿದೆ. ಜಿಎಸ್‌ಟಿ ಬಿಟ್ಟು, ಒಂದು ತಿಂಗಳ ಬಿಲ್ಲಿಂಗ್:

| ಗಿರಾಕಿ | ಬಿಲ್ಲಿಂಗ್ (ರೂ.) | ಪಾಲು |
|---|---|---|
| ದೊಡ್ಡ ಮಿಲ್ | 3,60,000 | 51% |
| ಎರಡನೇ ಮಿಲ್ | 1,20,000 | 17% |
| ಮಜೂರಿ ಮಿಲ್ | 90,000 | 13% |
| ಉಳಿದ ಸಣ್ಣವರೆಲ್ಲ | 1,30,000 | 19% |
| ಒಟ್ಟು | 7,00,000 | 100% |

ಎಲ್ಲ ಖರ್ಚು ಕಳೆದು ಮನೆಗೆ ತಿಂಗಳಿಗೆ 68,000 ಸಿಗುತ್ತದೆ. ಇದರಲ್ಲಿ ಅಪಾಯ ಎಷ್ಟು, ಹೇಗೆ ಲೆಕ್ಕ ಹಾಕುವುದು?

ಜೇವರ್ಗಿ ರೋಡ್

ಅಣ್ಣಾ, ಇದರಲ್ಲಿ ಲೆಕ್ಕ ಏನಿದೆ? ಒಬ್ಬನೇ ಗಿರಾಕಿ 20% ದಾಟಬಾರದು. 51% ಅಂದರೆ ಅವರು ಹೋದ ದಿನ ನಿಮ್ಮ ಆದಾಯವೂ 51% ಹೋಯ್ತು. 68,000 ಇದ್ದದ್ದು 33,000 ಆಗುತ್ತದೆ. ಅವರ ಆರ್ಡರ್ ಮೆಲ್ಲಗೆ ಇಳಿಸಿ, ಬೇರೆಯವರನ್ನು ಹುಡುಕಿ.

ಹಳೇ ಲೆಜರ್

ಬ್ಯಾಂಕಿನಲ್ಲಿ ಸಣ್ಣ ಕೈಗಾರಿಕೆ ಸಾಲ ನೋಡುತ್ತಿದ್ದೆ, ಈಗ ನಿವೃತ್ತಿ. ಜೇವರ್ಗಿ ರೋಡ್ ಅವರೇ, 33,000 ಉಳಿಯುತ್ತದೆ ಎಂದಿರಲ್ಲ, ಅಲ್ಲೇ ಲೆಕ್ಕ ತಪ್ಪುತ್ತದೆ. ಬಿಲ್ಲಿಂಗ್ ಅರ್ಧ ಆದರೆ ಶೆಡ್ ಬಾಡಿಗೆ ಅರ್ಧ ಆಗುತ್ತದೆಯೇ? ಮಷಿನ್ ಸಾಲದ ಕಂತು ಅರ್ಧ ಆಗುತ್ತದೆಯೇ?

ಕಪನೂರದವರೇ, ಎರಡು ಅಂಕಿ ಕೊಡಿ. ಒಬ್ಬೊಬ್ಬ ಗಿರಾಕಿಯ ಬಿಲ್‌ನಿಂದ ಖಾಲಿ ಚೀಲ, ಇಂಕು, ಸಾಲ್ವೆಂಟ್, ಓಡಿದಷ್ಟು ಕರೆಂಟು, ಸಾಗಾಟ ಕಳೆದರೆ ಎಷ್ಟು ಉಳಿಯುತ್ತದೆ? ಒಂದೂ ಆರ್ಡರ್ ಇಲ್ಲದಿದ್ದರೂ ತಿಂಗಳಿಗೆ ಕಟ್ಟಲೇಬೇಕಾದ ಖರ್ಚು ಎಷ್ಟು?

ಯಾದಗಿರಿ ಅಕ್ಕ

ನಿಮ್ಮದು ಬಾಕಿ ವಸೂಲಿ ಸಮಸ್ಯೆ ಅಲ್ವಾ? ನನಗೂ ಹಾಗೇ ಆಗಿದೆ. ಕಡೇಚೂರು ಕೈಗಾರಿಕಾ ಪ್ರದೇಶದ ಒಂದು ಕಂಪನಿಗೆ ಊಟದ ಡಬ್ಬಿ ಕಳಿಸುತ್ತಿದ್ದೆ, ದಿನಕ್ಕೆ ನೂರರ ಮೇಲೆ. ರೊಕ್ಕ ಕೊಡಲು ಎರಡು ತಿಂಗಳು ಸತಾಯಿಸುತ್ತಿದ್ದರು. ವಾರಕ್ಕೊಮ್ಮೆ ಬಿಲ್ ಕೊಡಿ, ಅದೇ ಪರಿಹಾರ.

ಕಪನೂರ ಪ್ರಿಂಟರ್

ಅಕ್ಕಾ, ಬಾಕಿ ತೊಂದರೆ ಇಲ್ಲ. ದೊಡ್ಡ ಮಿಲ್ 60 ದಿನಕ್ಕೆ ಕೊಡುತ್ತದೆ, ಆದರೆ ತಪ್ಪದೆ ಕೊಡುತ್ತದೆ. ನನ್ನ ಭಯ ಅವರೇ ಬಿಟ್ಟು ಹೋದರೆ ಏನು ಅನ್ನುವುದು.

ಹಳೇ ಲೆಜರ್ ಸರ್, ಪರ್ಚೇಸ್ ಬಿಲ್ ಎಲ್ಲ ತೆಗೆದು ಕೂತೆ. ದೊಡ್ಡ ಮಿಲ್‌ನಿಂದ 72,000 ಉಳಿಯುತ್ತದೆ. ಎರಡನೇ ಮಿಲ್‌ನಿಂದ 30,000. ಮಜೂರಿ ಮಿಲ್‌ನಿಂದ 63,000, ಅಲ್ಲಿ ಚೀಲದ ಖರ್ಚೇ ಇಲ್ಲವಲ್ಲ. ಸಣ್ಣವರಿಂದ 39,000. ಒಟ್ಟು 2,04,000.

ಕಟ್ಟಲೇಬೇಕಾದದ್ದು: ಶೆಡ್ ಬಾಡಿಗೆ 22,000, ನಾಲ್ಕು ಜನರ ಪಗಾರ 68,000, ಮಷಿನ್ ಸಾಲದ ಕಂತು 33,000, ಕರೆಂಟಿನ ನಿಗದಿ ಚಾರ್ಜು, ಅಕೌಂಟೆಂಟ್, ಫೋನ್ ಎಲ್ಲ ಸೇರಿ 13,000. ಒಟ್ಟು 1,36,000.

ಹಳೇ ಲೆಜರ್

ಸರಿ. ಈಗ ಒಬ್ಬೊಬ್ಬರನ್ನೇ ತೆಗೆದು ನೋಡೋಣ. ನಿಮ್ಮ 68,000ದಿಂದ ಅವರ ಬಿಲ್ಲಿಂಗ್ ಕಳೆಯಬೇಡಿ, ಅವರಿಂದ ಉಳಿಯುತ್ತಿದ್ದ ರೊಕ್ಕ ಕಳೆಯಿರಿ.

ದೊಡ್ಡ ಮಿಲ್ ಹೋದರೆ 68,000ದಲ್ಲಿ 72,000 ಹೋಯಿತು. ತಿಂಗಳಿಗೆ 4,000 ಕೈಯಿಂದ ಹಾಕಬೇಕು. ಎರಡನೇ ಮಿಲ್ ಹೋದರೆ 38,000 ಉಳಿಯುತ್ತದೆ. ಮಜೂರಿ ಮಿಲ್ ಹೋದರೆ 5,000 ಉಳಿಯುತ್ತದೆ.

ಮೂರನೆಯದನ್ನು ಇನ್ನೊಮ್ಮೆ ನೋಡಿ. ಬಿಲ್ಲಿಂಗ್‌ನಲ್ಲಿ ಬರೀ 13% ಇರುವ ಗಿರಾಕಿ, ಹೋದರೆ ಮಾಡುವ ಪೆಟ್ಟು ಹೆಚ್ಚು ಕಡಿಮೆ 51% ಇರುವವನಷ್ಟೇ. ನೀವು ಒಬ್ಬರ ಬಗ್ಗೆ ಹೆದರಿ ಕೂತಿದ್ದೀರಿ, ನಿಜವಾಗಿ ನಿಮ್ಮ ಮನೆ ನಿಂತಿರುವುದು ಇಬ್ಬರ ಮೇಲೆ. ಪಾಲಿನ ಪಟ್ಟಿ ಮಾಡುವಾಗ ಬಿಲ್ಲಿಂಗ್ ಪಕ್ಕದಲ್ಲಿ ಇನ್ನೊಂದು ಕಾಲಂ ಇರಲಿ, ಉಳಿಯುವ ರೊಕ್ಕದ ಪಾಲು. ಅದರಲ್ಲಿ ದೊಡ್ಡ ಮಿಲ್ 35%, ಮಜೂರಿ ಮಿಲ್ 31%.

ಕಪನೂರ ಪ್ರಿಂಟರ್

ಸರ್, ಇದು ನನ್ನ ತಲೆಗೆ ಬಂದೇ ಇರಲಿಲ್ಲ. ಮಜೂರಿ ಮಿಲ್‌ನವರ ಗಾಡಿ ಬಂದರೆ ನಮ್ಮ ಹುಡುಗರು ಚಹಾ ಸಹ ಕೇಳುವುದಿಲ್ಲ. ದೊಡ್ಡ ಮಿಲ್‌ನ ಮುನೀಮರು ಬಂದರೆ ಕುರ್ಚಿ ಒರೆಸುತ್ತಾರೆ.

ಜೇವರ್ಗಿ ರೋಡ್

ಹಾಗಾದರೆ ಉತ್ತರ ಇನ್ನೂ ಸುಲಭ ಆಯ್ತಲ್ಲ. ಮಜೂರಿ ಕೆಲಸದಲ್ಲಿ ನೂರಕ್ಕೆ 70 ಉಳಿಯುತ್ತದೆ, ದೊಡ್ಡ ಮಿಲ್‌ನಲ್ಲಿ ಬರೀ 20. ಎಲ್ಲ ಮಜೂರಿ ಕೆಲಸವನ್ನೇ ತುಂಬಿಸಿ, ದೊಡ್ಡವರಿಗೆ ಕೈ ಮುಗಿಯಿರಿ.

ಹಳೇ ಲೆಜರ್

ಅರ್ಧ ಸರಿ. ಮಜೂರಿ ಕೆಲಸಕ್ಕೆ ಬಂಡವಾಳ ಬೇಡ, ಉದ್ರಿ ಸಿಕ್ಕಿಹಾಕಿಕೊಳ್ಳುವುದೂ ಕಡಿಮೆ, ಅದು ನಿಜ. ಆದರೆ ಮಷಿನ್‌ಗೆ ಶೇಕಡಾ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಚೀಲ ಮಾತ್ರ. ಕಪನೂರದವರೇ, ಮಜೂರಿ ರೇಟ್ ಎಷ್ಟು?

ಕಪನೂರ ಪ್ರಿಂಟರ್

ಚೀಲಕ್ಕೆ ಎರಡೂವರೆ ರೂಪಾಯಿ. ತಿಂಗಳಿಗೆ 36,000 ಚೀಲ.

ಹಳೇ ಲೆಜರ್

ಅಂದರೆ ಮಜೂರಿಯಲ್ಲಿ ಒಂದು ಚೀಲಕ್ಕೆ ಉಳಿಯುವುದು 1.75. ದೊಡ್ಡ ಮಿಲ್‌ನ ಒಂದು ಚೀಲಕ್ಕೆ ಉಳಿಯುವುದು 3.60, ಯಾಕಂದರೆ ಅಲ್ಲಿ ಚೀಲ ಮಾರಿದ ಲಾಭವೂ ಸೇರಿದೆ. ದೊಡ್ಡ ಮಿಲ್‌ನ 72,000ವನ್ನು ಮಜೂರಿಯಿಂದ ತುಂಬಿಸಲು 41,000 ಚೀಲ ಓಡಿಸಬೇಕು. ಈಗ 20,000 ಚೀಲಕ್ಕೆ ಅಷ್ಟು ಬರುತ್ತಿದೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮಷಿನ್ ಖಾಲಿ ಇರುತ್ತದೆ, ಆಗ ಎಷ್ಟು ಮಜೂರಿ ಸಿಕ್ಕರೂ ತಗೊಳ್ಳಿ. ಹೊಸ ತೊಗರಿ ಬಂದು ಗಂಜ್ ತುಂಬಿದಾಗ, ಜನವರಿಯಿಂದ ಮೂರ್ನಾಲ್ಕು ತಿಂಗಳು, ಮಷಿನ್‌ನ ಒಂದೊಂದು ಗಂಟೆಗೂ ಬೆಲೆ ಇದೆ. ಆಗ ಲೆಕ್ಕ ಬೇರೆ.

ಈಗ ನಿಮ್ಮ ಮೂಲ ಪ್ರಶ್ನೆ, ಎರಡನೇ ಮಷಿನ್. ಕಂತು ಎಷ್ಟಾಗುತ್ತದೆ?

ಕಪನೂರ ಪ್ರಿಂಟರ್

ಕೊಟೇಶನ್ ತಂದಿದ್ದೇನೆ. ಕಂತು 28,000. ಓಡಿಸಲು ಒಬ್ಬ ಆಪರೇಟರ್ ಬೇಕು, 17,000ಕ್ಕೆ ಕಡಿಮೆ ಯಾರೂ ಬರುವುದಿಲ್ಲ.

ಹಳೇ ಲೆಜರ್

ಖಾಲಿ ಚೀಲ, ಇಂಕು ಎಲ್ಲ ಸೇರಿ ಒಂದು ಚೀಲಕ್ಕೆ ನಿಮ್ಮ ಖರ್ಚು 14.40. ಹೊಸ ರೇಟ್ 17.25. ಉಳಿಯುವುದು 2.85. ಈ ಇಳಿಕೆ ಹೊಸ 20,000 ಚೀಲಕ್ಕೆ ಮಾತ್ರ ಅಲ್ಲ, ಹಳೆಯ 20,000ಕ್ಕೂ ಅನ್ವಯ ಆಗುತ್ತದೆ. 40,000 ಚೀಲಕ್ಕೆ 1,14,000. ಈಗ 72,000 ಬರುತ್ತಿದೆ. ಹೆಚ್ಚಾದದ್ದು 42,000. ಹೊಸ ಖರ್ಚು 45,000.

ವ್ಯಾಪಾರ 7 ಲಕ್ಷದಿಂದ 10 ಲಕ್ಷ 30 ಸಾವಿರ ಆಗುತ್ತದೆ, ಮನೆಗೆ ಬರುವುದು 68,000 ಇದ್ದದ್ದು 65,000 ಆಗುತ್ತದೆ. ದೊಡ್ಡ ಮಿಲ್‌ನ ಪಾಲು 51%ರಿಂದ 67%ಕ್ಕೆ ಏರುತ್ತದೆ. ಅವರು ಹೋದರೆ ಆಗ 4,000 ಅಲ್ಲ, ತಿಂಗಳಿಗೆ 49,000 ಕೈಯಿಂದ ಹಾಕಬೇಕು, ಯಾಕಂದರೆ ಎರಡನೇ ಕಂತು ನಿಮ್ಮ ಹೆಸರಲ್ಲಿದೆ, ಅವರ ಹೆಸರಲ್ಲಿ ಅಲ್ಲ.

ನೆಹರೂ ಗಂಜ್

ಗಂಜ್‌ನಲ್ಲಿ ಅಡತಿ ಅಂಗಡಿ ನಮ್ಮದು. ಸರ್ ಹೇಳಿದ್ದು ಸರಿ, ಆದರೆ ಒಂದು ಮಾತು. ಬೇಡ ಅಂದರೆ ಆ ಸಾಹುಕಾರರು ಸುಮ್ನೆ ಈಗಿನ 20,000 ಕೊಡುತ್ತಾ ಕೂರುತ್ತಾರೆ ಅಂದುಕೊಂಡಿರಾ? 40,000 ಚೀಲ ಬೇಕೆಂದರೆ ಇನ್ನೊಬ್ಬ ಪ್ರಿಂಟರ್ ಬರುತ್ತಾನೆ. ಅಷ್ಟು ಮಾಲು ಇದ್ದರೆ ಖಾಲಿ ಚೀಲ ಮಾಡುವ ಫ್ಯಾಕ್ಟರಿಯವರೇ ಪ್ರಿಂಟ್ ಮಾಡಿ ಕಳಿಸುತ್ತಾರೆ. ಆಗ ನೀವು ಬೇಡ ಅಂದದ್ದಕ್ಕೇ ಹಳೆಯ 20,000ವೂ ಹೋಗುತ್ತದೆ.

ಹಳೇ ಲೆಜರ್

ಒಪ್ಪುತ್ತೇನೆ. ಅದಕ್ಕೇ ಈಗಿನ 68,000ದ ಜೊತೆ ಮಾತ್ರ ಹೋಲಿಸಿದರೆ ಸಾಲದು. ಬೇಡ ಅಂದು ಕಳೆದುಕೊಂಡರೆ ತಿಂಗಳಿಗೆ 4,000 ನಷ್ಟ, ಹೂಂ ಅಂದು ಆಮೇಲೆ ಕಳೆದುಕೊಂಡರೆ 49,000 ನಷ್ಟ. ಮೊದಲನೆಯದನ್ನು ತಡೆದುಕೊಳ್ಳಬಹುದು, ಎರಡನೆಯದು ಶೆಡ್ ಮುಚ್ಚಿಸುತ್ತದೆ. ರೇಟ್ ಇಳಿಸದೆ 18ಕ್ಕೇ 40,000 ಕೊಟ್ಟರೆ ಉಳಿಯುವುದು 1,44,000, ಆಗ ಮನೆಗೆ 95,000. ಆ ರೇಟಿಗೆ ಮಾತಾಡಲು ಅರ್ಥವಿದೆ. ಅದೂ ತಿಂಗಳಿಗೆ ಕನಿಷ್ಠ ಇಷ್ಟು ಚೀಲ ತಗೊಳ್ಳುತ್ತೇವೆ ಎಂದು ಕಂತು ಮುಗಿಯುವವರೆಗೆ ಬರೆದುಕೊಟ್ಟರೆ.

ನೆಹರೂ ಗಂಜ್

ಬರೆದುಕೊಡುವುದಾ? ಗಂಜ್‌ನಲ್ಲಿ? ಸರ್, ನೀವು ಬ್ಯಾಂಕಿನಲ್ಲೇ ಇದ್ದವರು ಅನ್ನುವುದು ಗೊತ್ತಾಗುತ್ತದೆ. 😀

ಯಾದಗಿರಿ ಅಕ್ಕ

ಈಗ ಪ್ರಶ್ನೆ ಸರಿಯಾಗಿ ಅರ್ಥ ಆಯ್ತು. ನನ್ನ ಕಂಪನಿಯವರು ಬಿಟ್ಟು ಹೋಗಲೇ ಇಲ್ಲ ನೋಡಿ. ಒಂದು ಶಿಫ್ಟ್ ತೆಗೆದರು. ಡಬ್ಬಿ ನೂರರಿಂದ ಐವತ್ತಕ್ಕೆ ಬಂತು, ಆಮೇಲೆ ಮೂವತ್ತು. ಯಾರೂ ಬಂದು ನಾಳೆಯಿಂದ ಬೇಡ ಅನ್ನಲಿಲ್ಲ. ಅಡುಗೆಯವರಿಗೆ ಪಗಾರ ಅಷ್ಟೇ, ಗಾಡಿ ಯಾದಗಿರಿಯಿಂದ ಅಷ್ಟೇ ದೂರ ಹೋಗಬೇಕು. ಪೂರ್ತಿ ನಿಂತಿದ್ದರೆ ಅವತ್ತೇ ಬೇರೆ ದಾರಿ ನೋಡುತ್ತಿದ್ದೆ. ಅರ್ಧ ಆದದ್ದರಿಂದ ಮುಂದಿನ ತಿಂಗಳು ಸರಿ ಹೋಗಬಹುದು ಅಂತ ಎಳೆದೆ.

ಹಳೇ ಲೆಜರ್

ಅಕ್ಕ ಹೇಳಿದ್ದು ಹೋಗುವುದಕ್ಕಿಂತ ಜಾಸ್ತಿ ನಡೆಯುವ ವಿಷಯ. ಕಪನೂರದವರೇ, ದೊಡ್ಡ ಮಿಲ್ ಅರ್ಧ ಮಾಡಿದರೆ ನಿಮ್ಮ 68,000 ನೇರ 32,000ಕ್ಕೆ ಬರುತ್ತದೆ. ಆಗ ಒಬ್ಬ ಹೆಲ್ಪರ್‌ನನ್ನು ಬಿಡಬೇಕು ಅನಿಸುತ್ತದೆ. ಆಗಸ್ಟ್‌ನಲ್ಲಿ ಬಿಟ್ಟ ಕೆಲಸ ಬಲ್ಲ ಹುಡುಗ ಜನವರಿಯಲ್ಲಿ ವಾಪಸ್ ಸಿಗುವುದಿಲ್ಲ. ಆದ್ದರಿಂದ ಪಗಾರವನ್ನು ಸುಲಭವಾಗಿ ಇಳಿಯುವ ಖರ್ಚು ಅಂತ ಬರೆದುಕೊಳ್ಳಬೇಡಿ.

ಇನ್ನೊಂದು, ಇದನ್ನು ಬ್ಯಾಂಕಿನಲ್ಲಿ ಕೂತು ಬಹಳ ಸಲ ನೋಡಿದ್ದೇನೆ. ದೊಡ್ಡ ಗಿರಾಕಿ ಹೋದ ಮೇಲೆ ಖಾತೆಯಲ್ಲಿ ರೊಕ್ಕ ಮೊದಲು ಏರುತ್ತದೆ. ಹೇಗೆ ಅಂತೀರಾ? ಖಾಲಿ ಚೀಲ ಕೊಡುವವರು ನಿಮಗೆ ಎಷ್ಟು ದಿನ ಉದ್ರಿ ಕೊಡುತ್ತಾರೆ?

ಕಪನೂರ ಪ್ರಿಂಟರ್

30 ದಿನ.

ಹಳೇ ಲೆಜರ್

ಮಿಲ್ ನಿಮಗೆ ಕೊಡುವುದು 60 ದಿನಕ್ಕೆ. ಮಾರ್ಚ್‌ನಲ್ಲಿ ಕೊನೆಯ ಆರ್ಡರ್ ಕೊಟ್ಟಿರಿ ಅಂದುಕೊಳ್ಳಿ. ಏಪ್ರಿಲ್‌ನಲ್ಲಿ ಫೆಬ್ರವರಿಯ ಬಿಲ್ 3,60,000 ಬರುತ್ತದೆ, ಮಾರ್ಚ್‌ನ ಚೀಲದ ರೊಕ್ಕ ಹೋಗುತ್ತದೆ. ಎಂದಿನಂತೆಯೇ ಕಾಣುತ್ತದೆ. ಮೇನಲ್ಲಿ ಮಾರ್ಚ್‌ನ ಬಿಲ್ 3,60,000 ಬರುತ್ತದೆ, ಆದರೆ ಅವರಿಗಾಗಿ ಚೀಲ ಕೊಂಡಿಲ್ಲ, ಕೊಡುವುದು ಏನೂ ಇಲ್ಲ. ಖಾತೆ ತುಂಬಿದಂತೆ ಕಾಣುತ್ತದೆ. ಆ ತಿಂಗಳೇ ಜನ ಗಾಡಿ ಕೊಳ್ಳುತ್ತಾರೆ, ಮದುವೆಗೆ ಮುಂಗಡ ಕೊಡುತ್ತಾರೆ. ಜೂನ್‌ನಲ್ಲಿ ಅವರಿಂದ ಒಂದು ಪೈಸೆ ಇಲ್ಲ.

ನಿಮ್ಮದು ಸಿಸಿ, ಅಂದರೆ ಕ್ಯಾಶ್ ಕ್ರೆಡಿಟ್ ಸಾಲದ ಖಾತೆ ಇದ್ದರೆ ಪೆಟ್ಟು ಇನ್ನೂ ಒಂದು. ಬ್ಯಾಂಕು ಎಷ್ಟು ತೆಗೆಯಲು ಬಿಡುತ್ತದೆ ಎಂಬುದು ಸ್ಟಾಕ್ ಮತ್ತು ಬರಬೇಕಾದ ಬಾಕಿಯ ಮೇಲೆ ನಿಂತಿದೆ. ಮಿಲ್‌ನ 7,20,000 ಬಾಕಿ ಪಟ್ಟಿಯಿಂದ ಹೋದರೆ ನಿಮ್ಮ ಮಿತಿಯೂ ಇಳಿಯುತ್ತದೆ, ಸರಿಯಾಗಿ ರೊಕ್ಕ ಬೇಕಾದ ಹೊತ್ತಿಗೆ.

ಬೀದರ್ ಬಿದ್ರಿ

ನಮ್ಮಲ್ಲಿ ಇದಕ್ಕಿಂತ ಗಟ್ಟಿ ಗಂಟು. ಬಿದ್ರಿ ಕೆಲಸ ನಮ್ಮದು. ಮಾಲು ತಗೊಳ್ಳುವ ವ್ಯಾಪಾರಿ ಒಬ್ಬರೇ, ಬೆಳ್ಳಿ ತಂತಿಗೆ ಮುಂಗಡ ಕೊಡುವವರೂ ಅವರೇ. ಬೆಳ್ಳಿ ರೇಟ್ ಈಗ ಕೈಗೆ ಸಿಗುವಂತಿಲ್ಲ. ಅವರು ಹೋದರೆ ಆದಾಯ ಮಾತ್ರ ಅಲ್ಲ, ಕಚ್ಚಾ ಮಾಲೂ ನಿಂತಿತು. ನಮ್ಮ ಪಾಲಿನ ಪಟ್ಟಿ ಮಾಡಿದರೆ 90% ಬರಬಹುದು. ಯಾರಿಗೆ ತೋರಿಸಲಿ?

ಜೇವರ್ಗಿ ರೋಡ್

ಬಿದ್ರಿಯವರೇ, ಆನ್‌ಲೈನ್‌ನಲ್ಲಿ ಮಾರಿ.

ಬೀದರ್ ಬಿದ್ರಿ

ಮಾರುತ್ತೇವೆ. ಒಂದು ಹೂದಾನಿ ಹೋಗಲು ಎಷ್ಟು ಫೋಟೋ, ಎಷ್ಟು ಫೋನ್, ವಾಪಸ್ ಬಂದದ್ದು ಎಷ್ಟು ಅಂತ ಬರೆದರೆ ಈ ಚರ್ಚೆ ದಾರಿ ತಪ್ಪುತ್ತದೆ.

ಹಳೇ ಲೆಜರ್

ಕಪನೂರದವರೇ, ನಿಮ್ಮ ಎರಡನೇ ಮಿಲ್ ಯಾರದ್ದು? ಬೇರೆ ಹೆಸರಿದ್ದರೂ ಒಂದೇ ಮನೆತನದ್ದು ಆಗಿರಬಹುದು. ಜಿಎಸ್‌ಟಿ ನಂಬರ್‌ನ ಮೂರನೇ ಅಕ್ಷರದಿಂದ ಹತ್ತು ಅಕ್ಷರ ಪ್ಯಾನ್ ನಂಬರ್. ಶೀಟ್‌ನಲ್ಲಿ A ಕಾಲಂನಲ್ಲಿ ಜಿಎಸ್‌ಟಿ ನಂಬರ್ ಇದ್ದರೆ ಹೀಗೆ ತೆಗೆಯಿರಿ:

```
=MID(A2,3,10)
```

ಒಂದೇ ಪ್ಯಾನ್ ಬಂದರೆ ಅದು ಒಂದೇ ಗಿರಾಕಿ.

ಕಪನೂರ ಪ್ರಿಂಟರ್

ಪ್ಯಾನ್ ಬೇರೆ ಬೇರೆ ಇದೆ ಸರ್. ಆದರೆ ನೀವು ಕೇಳಿದ ಮೇಲೆ ಹೊಳೆಯಿತು, ಎರಡನೇ ಮಿಲ್ ದೊಡ್ಡ ಸಾಹುಕಾರರ ಭಾವಮೈದುನನದ್ದು. ರೇಟ್ ಮಾತಾಡಲು ಬರುವುದು ಎರಡೂ ಕಡೆಯಿಂದ ಅದೇ ಮುನೀಮರು.

ಹಳೇ ಲೆಜರ್

ಹಾಗಾದರೆ ಪ್ಯಾನ್ ಏನೇ ಇರಲಿ, ಪಟ್ಟಿಯಲ್ಲಿ ಎರಡನ್ನೂ ಒಂದೇ ಸಾಲಿಗೆ ತನ್ನಿ. ಬಿಲ್ಲಿಂಗ್‌ನ ಪಾಲು 69% ಹತ್ತಿರ. ಇಬ್ಬರೂ ಒಟ್ಟಿಗೆ ಹೋದರೆ ತಿಂಗಳಿಗೆ 34,000 ನಷ್ಟ, ಅದೂ ಈಗಿನ ಒಂದೇ ಮಷಿನ್‌ನಲ್ಲಿ.

ನೆಹರೂ ಗಂಜ್

ನೀವು ಇನ್ನೂ ದೂರ ಹೋಗಿ ನೋಡಿಲ್ಲ. ಇವರ ಗಿರಾಕಿಗಳೆಲ್ಲ ತೊಗರಿಯವರೇ. 2022ರಲ್ಲಿ ನೆಟೆ ರೋಗ ಬಂದು ಹೊಲಕ್ಕೆ ಹೊಲವೇ ಒಣಗಿತಲ್ಲ, ಆಗ ಒಬ್ಬ ಗಿರಾಕಿಯೂ ಬಿಟ್ಟು ಹೋಗಬೇಕಾಗಿರಲಿಲ್ಲ. ಮಿಲ್‌ಗೆ ಕಾಳೇ ಇಲ್ಲದಿದ್ದರೆ ಚೀಲ ಯಾಕೆ? ಮ್ಯಾನ್ಮಾರ್, ಮೊಜಾಂಬಿಕ್ ತೊಗರಿ ತರಿಸುವ ತಾಕತ್ತು ಇರುವುದು ದೊಡ್ಡವರಿಗೆ. ಹಾಗೆ ನೋಡಿದರೆ ಬೆಳೆ ಕೆಟ್ಟ ವರ್ಷ ನಿಮ್ಮನ್ನು ನಡೆಸುವುದು ಆ ದೊಡ್ಡ ಮಿಲ್, ಹತ್ತು ಸಣ್ಣವರಲ್ಲ.

ನನ್ನ ಮಾತು ಕೇಳಿದರೆ ಗಿರಾಕಿ ಹೆಚ್ಚಿಸುವುದಕ್ಕಿಂತ ಬೆಳೆ ಬದಲಿಸಿ. ಶಹಾಪುರ, ಸುರಪುರ ಕಡೆ ನಾರಾಯಣಪುರ ಕಾಲುವೆ ನೀರಿನ ಭತ್ತ ಇದೆ, ಅಕ್ಕಿ ಮಿಲ್ ಇವೆ. ಅವರಿಗೂ ಇದೇ ಥರ ಚೀಲ ಬೇಕು.

ಕಪನೂರ ಪ್ರಿಂಟರ್

ಅಕ್ಕಿ ಮಿಲ್‌ನವರು ಮೂರು ನಾಲ್ಕು ಬಣ್ಣದ ಪ್ರಿಂಟ್ ಕೇಳುತ್ತಾರೆ ಅಣ್ಣಾ. ನನ್ನದು ಎರಡು ಬಣ್ಣದ ಮಷಿನ್.

ನೆಹರೂ ಗಂಜ್

ಮಷಿನ್ ಹಾಕುವುದೇ ಆದರೆ ಸಾಹುಕಾರರಿಗಾಗಿ ಎರಡು ಬಣ್ಣದ್ದು ಯಾಕೆ, ನಾಲ್ಕು ಬಣ್ಣದ್ದು ನೋಡಿ. ಅವರು ಹೋದರೂ ಅಕ್ಕಿಯವರಿಗೆ ಓಡುತ್ತದೆ.

ಹಳೇ ಲೆಜರ್

ಇದು ಒಳ್ಳೆಯ ಮಾತು. ಕಂತು 28,000 ಇರುವುದಿಲ್ಲ, ಜಾಸ್ತಿ ಆಗುತ್ತದೆ. ಹೊಸ ಕೊಟೇಶನ್ ಬರದೆ ಲೆಕ್ಕ ಹೇಳಲಾರೆ. ಸುರಪುರಕ್ಕೆ ಒಮ್ಮೆ ಹೋಗಿ, ಎರಡು ಮಿಲ್‌ನವರ ಈಗಿನ ರೇಟ್ ಕೇಳಿಕೊಂಡು ಬನ್ನಿ.

ಅಷ್ಟರೊಳಗೆ ಒಂದು ಕೆಲಸ ಮಾಡಿ. ದೊಡ್ಡ ಮಿಲ್‌ಗೆ ಮುಂಚಿತವಾಗಿ ಪ್ರಿಂಟ್ ಮಾಡಿ ಇಟ್ಟ ಚೀಲ ಶೆಡ್‌ನಲ್ಲಿ ಎಷ್ಟಿದೆ?

ಕಪನೂರ ಪ್ರಿಂಟರ್

ಏಳೆಂಟು ಸಾವಿರ ಯಾವಾಗಲೂ ಇರುತ್ತದೆ. ಸೀಸನ್‌ನಲ್ಲಿ ಫೋನ್ ಮಾಡಿದ ದಿನವೇ ಗಾಡಿ ಕಳಿಸುತ್ತಾರೆ, ಇಲ್ಲ ಅನ್ನುವಂತಿಲ್ಲ.

ಜೇವರ್ಗಿ ರೋಡ್

ಹೋದರೆ ಚೀಲ ಒಳಗೆ ಹೊರಗೆ ಮಾಡಿ ಮಾರಬಹುದು ಅಣ್ಣಾ, ಗಂಜ್‌ನಲ್ಲಿ ತಗೊಳ್ಳುತ್ತಾರೆ.

ನೆಹರೂ ಗಂಜ್

ತಗೊಳ್ಳುತ್ತಾರೆ, ಅರ್ಧ ಬೆಲೆಗೆ. ಒಳಗೆ ಇಂಕು ಇರುವ ಚೀಲದಲ್ಲಿ ಬೇಳೆ ತುಂಬುವುದಿಲ್ಲ, ಹಿಂಡಿ, ಹೊಟ್ಟು ತುಂಬುತ್ತಾರೆ.

ಹಳೇ ಲೆಜರ್

8,000 ಚೀಲಕ್ಕೆ ನಿಮ್ಮ ಖರ್ಚು 1,15,000ದ ಮೇಲೆ ಆಯಿತು. ಅರ್ಧ ಬೆಲೆ ಸಿಕ್ಕರೂ 57,000 ಹೋಯಿತು. ಇಷ್ಟನ್ನು ಅವರ ಲಿಖಿತ ಆರ್ಡರ್ ಇಲ್ಲದೆ ಪ್ರಿಂಟ್ ಮಾಡಬೇಡಿ. ವಾಟ್ಸಾಪ್‌ನಲ್ಲಿ "8,000 ರೆಡಿ ಇಡಿ" ಅಂತ ಮುನೀಮರಿಂದ ಬಂದರೂ ಸಾಕು. ಗಂಜ್‌ನವರು ಇದಕ್ಕೂ ನಗುತ್ತಾರೇನೋ.

ನೆಹರೂ ಗಂಜ್

ಇಲ್ಲ ಸರ್, ವಾಟ್ಸಾಪ್ ನಡೆಯುತ್ತದೆ. ಸ್ಟ್ಯಾಂಪ್ ಪೇಪರ್ ಅಂದರೆ ಮುಖ ಕೆಡುತ್ತದೆ. ಕಪನೂರದವರೇ, ನಾನು ಒಂದು ಕೇಳಬೇಕು. ಮುನೀಮರು ಇತ್ತೀಚೆಗೆ ಪ್ರಿಂಟ್ ಅಚ್ಚಿನ ಸ್ಟೀರಿಯೋ ಕೇಳಿದರಾ, ಅಥವಾ ಡಿಸೈನ್ ಫೈಲ್ ಮೇಲ್ ಮಾಡಿ ಅಂದರಾ?

ಕಪನೂರ ಪ್ರಿಂಟರ್

ಫೈಲ್ ಕೇಳಿದ್ದರು. ಕ್ಯಾಲೆಂಡರ್ ಮಾಡಿಸಬೇಕು ಅಂದರು. ಕಳಿಸಿದೆ.

ನೆಹರೂ ಗಂಜ್

ಯಾವಾಗ?

ಕಪನೂರ ಪ್ರಿಂಟರ್

ಹೋದ ತಿಂಗಳು. ಯಾಕೆ?

ನೆಹರೂ ಗಂಜ್

ಅರ್ಧ ವರ್ಷ ಇರುವಾಗ ಯಾರು ಕ್ಯಾಲೆಂಡರ್ ಮಾಡಿಸುತ್ತಾರೆ? ಬೇರೆ ಕಡೆ ಸ್ಯಾಂಪಲ್ ಹೊಡೆಸಿರಬಹುದು. 75 ಪೈಸೆ ಎಂಬ ಅಂಕಿ ಎಲ್ಲಿಂದ ಬಂತು ಅಂತ ಯೋಚಿಸಿ, ಅದು ಯಾರದ್ದೋ ಕೊಟೇಶನ್.

ಯಾದಗಿರಿ ಅಕ್ಕ

ಅಥವಾ ಸಾಹುಕಾರರ ಮಗಳ ಮದುವೆ ಇರಬಹುದು, ಕಾರ್ಡಿಗೆ ಲೋಗೋ ಬೇಕಿರಬಹುದು. ಎಲ್ಲದಕ್ಕೂ ಹೆದರಬೇಡಿ ತಮ್ಮಾ.

ಹಳೇ ಲೆಜರ್

ಎರಡೂ ಇರಬಹುದು. ಎರಡನೇ ಮಷಿನ್‌ಗೆ ಮುಂಗಡ ಮಾತ್ರ ಈಗ ಕೊಡಬೇಡಿ. ಮಜೂರಿ ಮಿಲ್‌ನವರ ಹತ್ತಿರ ಹೋಗಿ ಬಂದಿರಾ?

ಕಪನೂರ ಪ್ರಿಂಟರ್

ನಾಳೆ ಬೆಳಿಗ್ಗೆ ಹೋಗುತ್ತೇನೆ ಸರ್. ಅವರು ಸ್ವಂತ ಪ್ರಿಂಟಿಂಗ್ ಮಷಿನ್ ತರಿಸುವ ಮಾತಾಡುತ್ತಿದ್ದಾರೆ ಅಂತ ನಮ್ಮ ಆಪರೇಟರ್ ಈಗ ಹೇಳಿದ. ಅದು ಹೌದೋ ಅಲ್ಲವೋ ತಿಳಿದು, ಸುರಪುರದ ರೇಟ್ ಜೊತೆ ಇಲ್ಲೇ ಬರೆಯುತ್ತೇನೆ.